ಸ್ವಂತ ಮನೆಯಲ್ಲಿ ವಾಸಿಸುವ ಅಪರಾಧ

ಹೊಸ ಆರ್ಥಿಕ ವರ್ಷ ಹುಟ್ಟಿದ ವಾರದಲ್ಲೇ ನಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದಿಂದ ಒಂದು ಮಿಂಚಂಚೆ ಬರುತ್ತದೆ: ಹಳೆಯ ತೆರಿಗೆ ಪದ್ಧತಿಯೋ, ಹೊಸ ಪದ್ಧತಿಯೋ, ತಿಳಿಸಿ. ತಿಳಿಸದವರನ್ನು ಹೊಸ ಪದ್ಧತಿಗೆ ಸೇರಿಸಿ ಸಂಬಳದಲ್ಲಿ ತೆರಿಗೆ ಕಡಿತ ಮಾಡಲಾಗುವುದು. 2020ರ ಬಜೆಟ್‌ನಲ್ಲಿ ಬೇಕಾದವರು ಆರಿಸಿಕೊಳ್ಳಲಿ ಎಂದು ಬಂದ ಹೊಸ ಪದ್ಧತಿ 2023-24ರಿಂದ ಮನೆಯ ಯಜಮಾನನಾಗಿದೆ. ಹಳೆಯದು, ಹೆಸರು ಹಿಡಿದು ಕರೆದರೆ ಮಾತ್ರ ಎದ್ದು ಬರುವ ಹಿರಿಯಜ್ಜನಂತೆ ಮೂಲೆಯಲ್ಲಿ ಕುಳಿತಿದೆ.

ನಾನು ಕರೆಯುವವನೇ. ಏಕೆಂದರೆ ನನಗೆ ಗೃಹಸಾಲವಿದೆ, ಮತ್ತು ಗೃಹಸಾಲ ಮಾಡಿದರೆ ತೆರಿಗೆ ಉಳಿಯುತ್ತದೆ ಎಂಬುದನ್ನು ನನ್ನ ತಲೆಮಾರು ಗುರುಹಿರಿಯರ ಬಾಯಿಂದಲೇ ಕೇಳಿ ಬೆಳೆದಿದೆ. ನಲವತ್ತು ಲಕ್ಷ ರೂಪಾಯಿ, ಶೇಕಡಾ 8.5ರ ಬಡ್ಡಿ, ಇಪ್ಪತ್ತು ವರ್ಷ, ತಿಂಗಳಿಗೆ ಸುಮಾರು 34,700 ರೂಪಾಯಿ ಕಂತು. ಮೊದಲ ವರ್ಷ ಕಟ್ಟಿದ ಹಣದಲ್ಲಿ ಅಸಲಿಗೆ ಹೋದದ್ದು 79,600 ರೂಪಾಯಿ, ಬಡ್ಡಿಗೆ ಹೋದದ್ದು ಸುಮಾರು 3,37,000. ಬ್ಯಾಂಕು ಇದನ್ನೆಲ್ಲ ಮೊಹರು ಒತ್ತಿದ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿದೆ. ನಾನು ಅದನ್ನು ಜಾತಕದಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆದರೆ ಸ್ವಂತ ವಾಸದ ಮನೆಯ ಬಡ್ಡಿಯಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 24(ಬಿ) ಒಪ್ಪುವುದು ಎರಡು ಲಕ್ಷವನ್ನು ಮಾತ್ರ. ಈ ಮಿತಿ 2014ರಲ್ಲಿ ನಿಗದಿಯಾದದ್ದು. ಅಂದಿನಿಂದ ಇಂದಿನವರೆಗೆ ಸೈಟಿನ ಬೆಲೆ, ಸಿಮೆಂಟಿನ ಬೆಲೆ, ಮೇಸ್ತ್ರಿಯ ಕೂಲಿ ಎಲ್ಲವೂ ಏರಿದರೂ ಎರಡು ಲಕ್ಷ ಮಾತ್ರ ತಪಸ್ಸಿಗೆ ಕುಳಿತ ಋಷಿಯಂತೆ ಅಲುಗಾಡಿಲ್ಲ. ನನ್ನ ಬಡ್ಡಿಯ ಉಳಿದ 1,37,000 ರೂಪಾಯಿ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ನಾನು ಕಟ್ಟಿಯೇ ಇಲ್ಲ. ಅಸಲು, ಉಳಿತಾಯಗಳಿಗೆ ಕಡಿತ ಕೊಡುವ ಸೆಕ್ಷನ್ 80ಸಿಗೆ ಹೋಗುತ್ತದೆ; ಅಲ್ಲಿ ಆಗಲೇ 72,000 ರೂಪಾಯಿ ಭವಿಷ್ಯ ನಿಧಿ ಚಾಪೆ ಹಾಸಿ ಕುಳಿತಿರುವುದರಿಂದ ಎರಡೂ ಸೇರಿ ಒಂದೂವರೆ ಲಕ್ಷದ ಕೋಣೆ ಭರ್ತಿ. ಆ ಮಿತಿಯೂ 2014ರದ್ದೇ.

ಇನ್ನು 2025-26ರ ಲೆಕ್ಕಕ್ಕೆ ಬರೋಣ. ವಾರ್ಷಿಕ ಸಂಬಳ 16 ಲಕ್ಷ. ಹಳೆಯ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500, ಬಡ್ಡಿ ಎರಡು ಲಕ್ಷ, 80ಸಿ ಒಂದೂವರೆ ಲಕ್ಷ ಕಳೆದರೆ ತೆರಿಗೆಗೆ ಸಿಗುವ ಆದಾಯ 11,97,500. ಸೆಸ್ ಸೇರಿ ತೆರಿಗೆ 1,78,620 ರೂಪಾಯಿ. ಹೊಸ ಪದ್ಧತಿಯಲ್ಲಿ ಬ್ಯಾಂಕಿನ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ, ತೋರಿಸಿದರೂ ನೋಡುವುದಿಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಮಾತ್ರ ಕಳೆದು 15,25,000ಕ್ಕೆ ತೆರಿಗೆ ಹಾಕುತ್ತಾರೆ: 1,13,100 ರೂಪಾಯಿ. ಅಂದರೆ ಸಾಲ, ಭವಿಷ್ಯ ನಿಧಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಹಿರಿಯಜ್ಜ, ಯಾವುದನ್ನೂ ಹಿಡಿಯದ ಯಜಮಾನನಿಗಿಂತ 65,520 ರೂಪಾಯಿ ಹೆಚ್ಚು ವಸೂಲಿ ಮಾಡುತ್ತಾನೆ.

ಎರಡೂ ಸಮವಾಗಬೇಕಾದರೆ ನನಗೆ ಒಟ್ಟು 6,18,750 ರೂಪಾಯಿಗಳ ಕಡಿತ ಬೇಕು, ಇರುವುದು 4,02,500. ಆರೋಗ್ಯ ವಿಮೆಗೆ 25,000, ಎನ್‌ಪಿಎಸ್‌ಗೆ 50,000 ಹೊಸದಾಗಿ ಸುರಿದರೂ 1,41,250 ಕೊರತೆ. ಇಷ್ಟು ದೊಡ್ಡ ಹೊಂಡವನ್ನು ಮುಚ್ಚುವ ಶಕ್ತಿ ಇರುವುದು ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ. ಬಾಡಿಗೆ ಕೊಡದವನಿಗೆ ಅದು ಸಿಗದು. ಸ್ವಂತ ಮನೆ ಕಟ್ಟಿ ಅದರಲ್ಲೇ ವಾಸಿಸುವಷ್ಟು ಅವಿವೇಕವನ್ನು ನಾನು ಆಗಲೇ ಮಾಡಿಬಿಟ್ಟಿದ್ದೇನೆ.

ಹೊಸ ಪದ್ಧತಿಗೂ ಗೃಹಸಾಲದ ಮೇಲೆ ದ್ವೇಷವಿಲ್ಲ, ಆ ಮನೆಯೊಳಗೆ ಮಾಲೀಕನೇ ಮಲಗುವುದು ಮಾತ್ರ ಅದಕ್ಕೆ ಸರಿಬರುವುದಿಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟರೆ ಅದೇ ಬಡ್ಡಿಗೆ ತಕ್ಷಣ ಮಾನ್ಯತೆ ಸಿಗುತ್ತದೆ, ಎರಡು ಲಕ್ಷದ ಮಿತಿಯೂ ಇಲ್ಲದೆ. ತಿಂಗಳಿಗೆ 20,000 ಬಾಡಿಗೆ ಬಂದರೆ ವರ್ಷಕ್ಕೆ 2,40,000; ಅದರಲ್ಲಿ ಕಾನೂನೇ ಬಿಟ್ಟುಕೊಡುವ ಶೇಕಡಾ 30 ಕಳೆದರೆ 1,68,000. ಬಡ್ಡಿ ಅದನ್ನು ಪೂರ್ತಿ ನುಂಗುತ್ತದೆ, ಬಾಡಿಗೆಗೆ ಒಂದು ರೂಪಾಯಿ ತೆರಿಗೆ ಇಲ್ಲ.

ಇದನ್ನು ಊಟದ ಹೊತ್ತಿಗೆ ಹೇಳಿದಾಗ ನನ್ನ ಹೆಂಡತಿ ಸಾರಿನ ಸೌಟು ಹಿಡಿದೇ ಯೋಚಿಸಿ, "ಎದುರು ಮನೆಯವರಿಗೂ ಸಾಲ ಇದೆಯಲ್ಲ. ನಾವು ಅವರ ಮನೆಗೆ ಬಾಡಿಗೆಗೆ ಹೋಗಿ, ಅವರು ನಮ್ಮ ಮನೆಗೆ ಬಂದರೆ ಆಗದೇ?" ಎಂದಳು. ನಾನು ಆ ರಾತ್ರಿಯೇ ಅದನ್ನೂ ಲೆಕ್ಕ ಹಾಕಿದೆ. ಬಾಡಿಗೆಯನ್ನು ನುಂಗಿ ಮಿಕ್ಕ ಬಡ್ಡಿಯ ನಷ್ಟವನ್ನು ಹೊಸ ಪದ್ಧತಿಯಲ್ಲಿ ಸಂಬಳದಿಂದ ಕಳೆಯುವಂತಿಲ್ಲ. ನಾವು ಕೊಡುವ ಬಾಡಿಗೆಗೆ ಅಲ್ಲಿ ವಿನಾಯಿತಿಯೂ ಇಲ್ಲ. ಎರಡು ಸಂಸಾರಗಳು ಮಂಚ, ಫ್ರಿಜ್ಜು, ತುಳಸಿ ಕಟ್ಟೆಗಳನ್ನು ರಸ್ತೆ ದಾಟಿಸಿದ ಮೇಲೂ ನನ್ನ ತೆರಿಗೆ ಅದೇ 1,13,100 ರೂಪಾಯಿ.