ಸತ್ಯಾಂಶ: ಹಳದಿ ದೀಪದ ಕೆಳಗಿನ ಕಾರು ಯಾವ ಬಣ್ಣ?

"ಸೋಡಿಯಂ ದೀಪದ ಫೋಟೋದಲ್ಲಿ ಬಿಳಿ ವಸ್ತು ಬಿಳಿಯಾಗೇ ಕಾಣೋ ಹಾಗೆ ವೈಟ್ ಬ್ಯಾಲೆನ್ಸ್ ಸರಿಮಾಡಿದರೆ ಕಾರಿನ ನಿಜವಾದ ಬಣ್ಣ ಸಿಗುತ್ತದಂತೆ, ಹೌದಾ?"

ಅದು ಯಾವ ಸೋಡಿಯಂ ದೀಪ ಅನ್ನೋದರ ಮೇಲಿದೆ. ಬ್ರಿಟನ್ನಿನ ಬೀದಿಗಳಲ್ಲಿ ಜಾಸ್ತಿ ಇದ್ದ ಕಡಿಮೆ ಒತ್ತಡದ ದೀಪದ ಬೆಳಕು ಹೆಚ್ಚುಕಡಿಮೆ ಪೂರ್ತಿ 589 ನ್ಯಾನೋಮೀಟರ್ ಹಳದಿ. ನೀಲಿ, ಕೆಂಪು ಬೆಳಕು ಬೀಳದಿದ್ದರೆ ಕ್ಯಾಮೆರಾಗೆ ಮರಳಿ ಬರೋದಾದರೂ ಏನು? ಅಲ್ಲಿನ ಕಾರಿಗೆ ಮುಂದೆ ಬಿಳಿ, ಹಿಂದೆ ಹಳದಿ ನಂಬರ್ ಪ್ಲೇಟ್. ಆ ಬೆಳಕಲ್ಲಿ ಎರಡೂ ಹಳದಿಯೇ. ಕಡುನೀಲಿ ಕಾರು ಕಪ್ಪಾಗಿ ಕಾಣುತ್ತದೆ. ತಿದ್ದಿದರೆ ಸಿಗೋದು ಬೂದು ಚಿತ್ರ ಅಷ್ಟೇ. ಬಣ್ಣ ತಿಳಿ ಇತ್ತೋ ಗಾಢವೋ ಅಂತ ಮಾತ್ರ ಹೇಳಬಹುದು.

ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿದ್ದ ಹೆಚ್ಚು ಒತ್ತಡದ ದೀಪದಲ್ಲಿ ಬೇರೆ ಬಣ್ಣಗಳೂ ಸ್ವಲ್ಪ ಇರುತ್ತವೆ. ಬಿಳಿ ಪ್ಲೇಟನ್ನು ಆಧಾರವಾಗಿಟ್ಟು ತಿದ್ದಿದರೆ ಅಂದಾಜು ಸಿಗುತ್ತದೆ, ನೀಲಿ ಮಾತ್ರ ಆಗಲೂ ಕೈಕೊಡುತ್ತದೆ. ಅಂಗಡಿಯ ಬಿಳಿ ಎಲ್‌ಇಡಿ ಬೆಳಕು ಕಾರಿನ ಬಾಗಿಲ ಮೇಲೆ ಬಿದ್ದಿದ್ದರೆ ಮೊದಲು ಅಲ್ಲೇ ನೋಡಿ.