"ಕನ್ವರ್ಜ್ ಆಯ್ತು" ಅಂದ್ರೆ ಉತ್ತರ ಸಿಕ್ತು ಅಂತಲ್ಲ

ಎಂಜಿನಿಯರಿಂಗ್ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ. "ಟಾಲರೆನ್ಸ್ 0.01 ಇಟ್ಟಿದ್ದೇವೆ, ಆದ್ದರಿಂದ ಉತ್ತರ 0.01ರ ಮಟ್ಟಿಗೆ ಸರಿಯಿದೆ." ಟಾಲರೆನ್ಸ್ ಅಂದರೆ, ಸುತ್ತಿನಿಂದ ಸುತ್ತಿಗೆ ಉತ್ತರದ ಬದಲಾವಣೆ ಇಷ್ಟಕ್ಕಿಂತ ಕಡಿಮೆಯಾದರೆ "ಕನ್ವರ್ಜ್ ಆಯ್ತು" ಅಂತ ಲೆಕ್ಕ ನಿಲ್ಲಿಸುವ ಮಿತಿ. ಆ ಸಾಲು ಓದೋಕೆ ಚೆನ್ನಾಗಿದೆ. ಆದರೆ ಆ "ಆದ್ದರಿಂದ" ಇದೆಯಲ್ಲ, ಅದಕ್ಕೆ ಅಲ್ಲಿ ಯಾವ ಆಧಾರವೂ ಇಲ್ಲ. ಇದು ಸಣ್ಣ ತಕರಾರು ಅಂತ ನಿಮಗೆ ಅನಿಸಬಹುದು. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ಆಮೇಲೆ ಹೇಳಿ.

ಒಂದು ಲೋಹದ ಸರಳು. ಎರಡೂ ತುದಿಗಳನ್ನು 100 ಡಿಗ್ರಿಯಲ್ಲಿ ಹಿಡಿದಿಟ್ಟಿದ್ದೇವೆ, ಪಕ್ಕದಿಂದ ಶಾಖ ಸೋರುವುದಿಲ್ಲ. ಸಾಕಷ್ಟು ಹೊತ್ತು ಬಿಟ್ಟರೆ ಇಡೀ ಸರಳು 100 ಡಿಗ್ರಿಗೆ ಬರುತ್ತದೆ. ಇದಕ್ಕೆ ಕಂಪ್ಯೂಟರೇ ಬೇಡ, ಅಲ್ವಾ? ಉತ್ತರ ಮೊದಲೇ ಗೊತ್ತಿರಲಿ ಅಂತಲೇ ಇದನ್ನು ಆರಿಸಿಕೊಂಡೆ. ಸರಳಿನ ಒಳಗೆ 100 ಬಿಂದುಗಳನ್ನು ಗುರುತಿಸಿ, ಎಲ್ಲವನ್ನೂ ಸೊನ್ನೆಯಿಂದ ಶುರು ಮಾಡೋಣ. ಪ್ರತಿ ಸುತ್ತಿನಲ್ಲೂ ಪ್ರತಿ ಬಿಂದುವಿಗೆ ಅದರ ಅಕ್ಕಪಕ್ಕದ ಎರಡು ಬಿಂದುಗಳ ಸರಾಸರಿಯನ್ನು ಕೊಡೋಣ. ಇದೇ ಜಾಕೋಬಿ ವಿಧಾನ. ಒಂದು ಸುತ್ತಿನಲ್ಲಿ ಯಾವ ಬಿಂದುವೂ 0.01 ಡಿಗ್ರಿಯಷ್ಟು ಬದಲಾಗದಿದ್ದರೆ ನಿಲ್ಲಿಸೋಣ.

```python
import numpy as np
n = 100
u = np.zeros(n + 2)
u[0] = u[-1] = 100
k, d = 0, 1.0
while d >= 0.01:
    v = u.copy()
    v[1:-1] = (u[:-2] + u[2:]) / 2
    d = abs(v - u).max()
    u, k = v, k + 1
print(k, u[n // 2])
```

ಸುಮಾರು 3,750 ಸುತ್ತು ಆದ ಮೇಲೆ ಇದು ನಿಲ್ಲುತ್ತದೆ. ಆಗ ಸರಳಿನ ನಡುವಿನ ತಾಪಮಾನ ಎಷ್ಟಿರುತ್ತದೆ ಗೊತ್ತಾ? ಸುಮಾರು 79 ಡಿಗ್ರಿ. ಟಾಲರೆನ್ಸ್ 0.01, ತಪ್ಪು 20 ಡಿಗ್ರಿಗಿಂತ ಜಾಸ್ತಿ.

ಕೋಡಿನಲ್ಲಿ ಬಗ್ ಇಲ್ಲ. ಕೇಳಿದ್ದನ್ನೇ ಅದು ಮಾಡಿದೆ. ಬದಲಾವಣೆ ನಿಂತಿತಾ ಅಂತ ನಾವು ಕೇಳಿದೆವು, ಹೂಂ ಅಂತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಗಾಡಿ ಇಂಚಿಂಚೇ ತೆವಳುತ್ತಿದೆ ಅಂದ ಮಾತ್ರಕ್ಕೆ ಮನೆ ಬಂತು ಅಂತ ಯಾರಾದರೂ ಇಳಿದು ಬಿಡುತ್ತಾರಾ?

ಸರಿ, ಬದಲಾವಣೆ ಬೇಡ, ರೆಸಿಡ್ಯುಯಲ್ ನೋಡೋಣ ಅನ್ನುವವರಿದ್ದಾರೆ. ಸಮೀಕರಣ `A x = b` ಆದರೆ, ನಮ್ಮ ಕೈಯಲ್ಲಿರುವ `x` ಹಾಕಿ ನೋಡಿದಾಗ ಉಳಿಯುವ `r = b - A x` ರೆಸಿಡ್ಯುಯಲ್. ಪಠ್ಯಪುಸ್ತಕಗಳೂ ಇದನ್ನೇ ನೋಡಿ ಅನ್ನುತ್ತವೆ. ಆದರೆ ನಮ್ಮ ಸರಳಿನಲ್ಲಿ ರೆಸಿಡ್ಯುಯಲ್ ಅಂದರೆ ಮುಂದಿನ ಸುತ್ತಿನ ಬದಲಾವಣೆಯ ಎರಡು ಪಟ್ಟು, ಅಷ್ಟೇ. ಹೊಸದೇನೂ ಸಿಗಲಿಲ್ಲ. ಎಲ್ಲ ಬಿಂದುಗಳನ್ನೂ ಸೇರಿಸಿ `b`ಗೆ ಹೋಲಿಸಿ ಅಳೆದರೂ ನಿಂತ ಹೊತ್ತಿಗೆ ಅದು ಸುಮಾರು 0.001. ಸಾವಿರದಲ್ಲಿ ಒಂದು ಪಾಲು! ರಿಪೋರ್ಟಿನಲ್ಲಿ ಬರೆದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಹೀಗೇಕೆ ಆಗುತ್ತದೆ? ನಿಜವಾದ ಉತ್ತರಕ್ಕೂ ನಮ್ಮ ಉತ್ತರಕ್ಕೂ ಇರುವ ಅಂತರ `e`. ಅದು ನಮಗೆ ಕಾಣುವುದಿಲ್ಲ, ಕಾಣುವುದು `A e = r` ಮಾತ್ರ. ಅಂದರೆ ತಪ್ಪನ್ನು ನಾವು ನೇರವಾಗಿ ನೋಡುತ್ತಿಲ್ಲ, `A` ಮೂಲಕ ನೋಡುತ್ತಿದ್ದೇವೆ. ನಮ್ಮ `A` ಮಾಡುವ ಕೆಲಸ ಒಂದು ಬಿಂದು ತನ್ನ ಅಕ್ಕಪಕ್ಕದವುಗಳಿಗಿಂತ ಎಷ್ಟು ಬೇರೆ ಇದೆ ಅಂತ ಅಳೆಯುವುದು. ತಪ್ಪು ಬಿಂದುವಿನಿಂದ ಬಿಂದುವಿಗೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ `A` ಅದನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಅದೇ ತಪ್ಪು ಇಡೀ ಸರಳಿನ ಉದ್ದಕ್ಕೂ ನುಣ್ಣಗೆ ಬಾಗಿದ ಒಂದೇ ಕಮಾನಾಗಿದ್ದರೆ? ಪ್ರತಿ ಬಿಂದುವೂ ಹೆಚ್ಚುಕಮ್ಮಿ ಪಕ್ಕದವುಗಳ ಸರಾಸರಿಯಂತೆಯೇ ಇರುತ್ತದೆ. `A` ಅದನ್ನು ಸುಮಾರು 0.00097ರಿಂದ ಗುಣಿಸಿ ತೋರಿಸುತ್ತದೆ. 20 ಡಿಗ್ರಿ ತಪ್ಪು 0.02 ಆಗಿ ಕಾಣುತ್ತದೆ.

ಇನ್ನೂ ಒಂದು ತೊಂದರೆ ಇದೆ. ಕುಣಿಯುವ ತಪ್ಪುಗಳಲ್ಲಿ ಹೆಚ್ಚಿನವನ್ನು ಸರಾಸರಿ ತೆಗೆಯುವ ವಿಧಾನ ಬೇಗ ಅಳಿಸಿಹಾಕುತ್ತದೆ. ಕೊನೆಗೆ ಉಳಿಯುವುದು ಆ ನುಣುಪಾದ ಕಮಾನು ಮಾತ್ರ. ಅಂದರೆ ರೆಸಿಡ್ಯುಯಲ್‌ಗೆ ಅತಿ ಕಡಿಮೆ ಕಾಣುವ ತಪ್ಪೇ ಕೊನೆತನಕ ಉಳಿಯುತ್ತದೆ.

ಈಗ ಕೋಡಿನಲ್ಲಿ `n = 200` ಮಾಡಿ ಓಡಿಸಿ. ಬಿಂದುಗಳು ಜಾಸ್ತಿ ಆದರೆ ಉತ್ತರ ಚೆನ್ನಾಗಿ ಬರಬೇಕು ತಾನೆ? ಅದೇ 0.01ಕ್ಕೆ ನಿಂತಾಗ ನಡುವಿನ ತಾಪಮಾನ ಸುಮಾರು 30 ಡಿಗ್ರಿ! ಬಿಂದುಗಳು ಎರಡು ಪಟ್ಟಾದರೆ ಆ ಕಮಾನಿನ ರೆಸಿಡ್ಯುಯಲ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಟಾಲರೆನ್ಸ್ ಮಾತ್ರ ಹಾಗೇ ಇದೆ. ಹೀಗೆ ಗುರುತಿಸಿದ ಬಿಂದುಗಳ ಜಾಲಕ್ಕೆ ಮೆಶ್ ಅನ್ನುತ್ತಾರೆ. "ಮೆಶ್ ಸಣ್ಣದು ಮಾಡಿ ನೋಡಿದೆವು, ಉತ್ತರ ಬದಲಾಯಿತು, ಹಾಗಾಗಿ ಮೆಶ್ ಸಾಲದು" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಅನುಮಾನಪಡುವುದು ಮೆಶ್ ಮೇಲಲ್ಲ, ಟಾಲರೆನ್ಸ್ ಮೇಲೆ.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ಸುಮ್ನೆ ಟಾಲರೆನ್ಸಿಗೆ ಇನ್ನೆರಡು ಸೊನ್ನೆ ಸೇರಿಸುವುದು ಒಂದು ದಾರಿ, ಆದರೆ ಅದೂ ಊಹೆಯೇ. ಅದಕ್ಕಿಂತ ಒಳ್ಳೆಯದು, ಬದಲಾವಣೆ ಎಷ್ಟು ನಿಧಾನವಾಗಿ ಕುಗ್ಗುತ್ತಿದೆ ಅಂತ ನೋಡುವುದು. ನಮ್ಮ ಸರಳಿನಲ್ಲಿ ನಿಲ್ಲುವ ಹೊತ್ತಿಗೆ ಬದಲಾವಣೆ 0.0100. ಅದಕ್ಕೂ 100 ಸುತ್ತು ಮುಂಚೆ 0.0105. ನೂರು ಸುತ್ತಿಗೆ ಇಷ್ಟೇ ಇಳಿಕೆ ಅಂದರೆ ಒಂದು ಸುತ್ತಿಗೆ ಅನುಪಾತ ಸುಮಾರು 0.9995. ಇನ್ನು ಮುಂದಿನ ಬದಲಾವಣೆಗಳನ್ನೆಲ್ಲ ಕೂಡಿದರೆ ಅದೊಂದು ಗುಣೋತ್ತರ ಶ್ರೇಢಿ. ಮೊತ್ತ `0.01 / (1 - 0.9995)`, ಅಂದರೆ 20. ಉತ್ತರ ಗೊತ್ತಿಲ್ಲದೆಯೇ ತಪ್ಪಿನ ಅಂದಾಜು ಸಿಕ್ಕಿತು, ಅದೂ ಎರಡು ಸಾಲು ಕೋಡಿನಲ್ಲಿ. ಈ ಅಂದಾಜು 0.01ಕ್ಕೆ ಇಳಿಯುವ ತನಕ ಓಡಿಸಿದರೆ ಸುಮಾರು 19,500 ಸುತ್ತು ಬೇಕು. ಒಂದು ಎಚ್ಚರಿಕೆ: ಶುರುವಿನ ಸುತ್ತುಗಳಲ್ಲಿ ಈ ಅನುಪಾತವನ್ನು ನಂಬಬೇಡಿ. ಅದು ಒಂದು ಸಂಖ್ಯೆಗೆ ಬಂದು ನೆಲೆ ನಿಲ್ಲಬೇಕು, ಆಮೇಲಷ್ಟೇ ಬಳಸಬೇಕು.

ಜಾಕೋಬಿ ಈಗ ಯಾರು ಬಳಸುತ್ತಾರೆ ಸಾರ್, ನಾವು ಕಾಂಜುಗೇಟ್ ಗ್ರೇಡಿಯಂಟ್ ಬಳಸುತ್ತೇವೆ ಅನ್ನಬಹುದು. ಒಳ್ಳೆಯದೇ, ಅದು ಬಹಳ ವೇಗ. 1952ರಲ್ಲಿ ಹೆಸ್ಟೆನೆಸ್ ಮತ್ತು ಸ್ಟೀಫೆಲ್ ಕೊಟ್ಟ ವಿಧಾನ. ಆದರೆ ಸೈಪೈ ಲೈಬ್ರರಿಯ `cg` ಕೂಡ ರೆಸಿಡ್ಯುಯಲ್ ನೋಡಿಯೇ ನಿಲ್ಲುತ್ತದೆ, ಏನೂ ಹೇಳದಿದ್ದರೆ `rtol=1e-5`. ತಮಾಷೆ ಏನೆಂದರೆ ಈ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ತಪ್ಪು ಇಳಿಯುತ್ತಲೇ ಹೋಗುತ್ತದೆ, ರೆಸಿಡ್ಯುಯಲ್ ಮಾತ್ರ ನಡುನಡುವೆ ಮೇಲಕ್ಕೂ ಹಾರಬಹುದು. ನಾವು ನೋಡುತ್ತಾ ಕೂರುವುದು ಆ ಹಾರುವುದನ್ನೇ.

ರೆಸಿಡ್ಯುಯಲ್‌ನಿಂದ ತಪ್ಪಿಗೆ ಹೋಗಲು ಕಂಡೀಷನ್ ನಂಬರ್ ಬೇಕು, ಅಂದರೆ `A` ಅತಿ ಹೆಚ್ಚು ಎಷ್ಟು ಪಟ್ಟು ಮಾಡುತ್ತದೋ ಅದನ್ನು ಅತಿ ಕಡಿಮೆ ಎಷ್ಟು ಪಟ್ಟು ಮಾಡುತ್ತದೋ ಅದರಿಂದ ಭಾಗಿಸಿದ್ದು. ಸಾಪೇಕ್ಷ ತಪ್ಪು ಸಾಪೇಕ್ಷ ರೆಸಿಡ್ಯುಯಲ್‌ನ ಅಷ್ಟು ಪಟ್ಟನ್ನು ಮೀರುವುದಿಲ್ಲ. 100 ಬಿಂದುಗಳ ಸರಳಿಗೆ ಇದು ಸುಮಾರು 4,100. ನಮ್ಮ 0.001ಕ್ಕೆ ಹಾಕಿದರೆ ತಪ್ಪು 410 ಪರ್ಸೆಂಟ್ ತನಕ ಇರಬಹುದು ಅನ್ನುತ್ತದೆ. ಎಲ್ಲ ಬಿಂದುಗಳನ್ನೂ ಸೇರಿಸಿ ಅಳೆದರೆ ನಿಜವಾಗಿ ಇದ್ದದ್ದು 15 ಪರ್ಸೆಂಟ್. ಅಂದರೆ ಈ ಮಿತಿ ಸುಳ್ಳು ಹೇಳುವುದಿಲ್ಲ, ಆದರೆ ಜಾಸ್ತಿ ಹೆದರಿಸುತ್ತದೆ. ಎಷ್ಟು ಅಂಕಿ ಕೈತಪ್ಪಬಹುದು ಅಂತ ಮೊದಲೇ ತಿಳಿಯೋಕೆ ಸಾಕು, ಅದಕ್ಕಿಂತ ಹೆಚ್ಚಿಗೆ ಬಳಸಬಾರದು.

ರೆಸಿಡ್ಯುಯಲ್ ದಂಡ ಅಂತ ನಾನು ಹೇಳುತ್ತಿಲ್ಲ. `b` ಅಳತೆಯಿಂದ ಬಂದಿದ್ದು, ಅದರಲ್ಲೇ ಒಂದು ಪರ್ಸೆಂಟ್ ಅನುಮಾನ ಇದ್ದರೆ, ರೆಸಿಡ್ಯುಯಲ್ ಅದಕ್ಕಿಂತ ಚೆನ್ನಾಗಿ ಕೆಳಗಿಳಿದ ಮೇಲೆ ಓಡಿಸುವುದರಲ್ಲಿ ಅರ್ಥವಿಲ್ಲ. ನಮ್ಮ ಉತ್ತರ ಆಗ ಅಳತೆಗೆ ಒಪ್ಪುವ ಇನ್ನೊಂದು `b`ಗೆ ಸರಿಯಾದ ಉತ್ತರವೇ. ಅಲ್ಲಿಯೂ ತಪ್ಪು ದೊಡ್ಡದಿರಬಹುದು, ಆದರೆ ಅದು ಸಾಲ್ವರ್ ಮಾಡಿದ ತಪ್ಪಲ್ಲ. ಎಷ್ಟು ಸುತ್ತು ಓಡಿಸಿದರೂ ಅದು ಹೋಗುವುದಿಲ್ಲ, ಅಳತೆಯನ್ನೇ ಸುಧಾರಿಸಬೇಕು.