ಹೊರರೇಖೆ ಚೆಂದ, ನದಿ ತಪ್ಪು

"ಭಾರತದ ಹೊರರೇಖೆ ಅಂದವಾಗಿ ಬಂದರೆ ನಕ್ಷೆಯ ಅಂಕ ಕೈಗೆ ಬಂದಂತೆ."

ಒಪ್ಪಲಾರೆ. ನನ್ನ ಮಗಳ ಹೊರರೇಖೆ ಅಚ್ಚು ಹಾಕಿದಂತಿತ್ತು, ಆದರೂ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನರ್ಮದೆಯ ಅಂಕ ಹೋಯಿತು. ನದಿಯನ್ನು ಸೂರತ್ ಹತ್ತಿರ ಸಮುದ್ರಕ್ಕೆ ಸೇರಿಸಿದ್ದಳು; ಅಲ್ಲಿ ಸೇರುವುದು ತಾಪಿ! ಆಮೇಲೆ ಹೊರರೇಖೆ ಮುಗಿದ ಕೂಡಲೇ ಪೆನ್ಸಿಲ್ಲಿನಲ್ಲಿ ತೆಳ್ಳಗೆ ಕರ್ಕಾಟಕ ಸಂಕ್ರಾಂತಿ ವೃತ್ತ ಎಳೆಯುವ ಅಭ್ಯಾಸ ಮಾಡಿಸಿದೆ. ಪಶ್ಚಿಮದಲ್ಲಿ ಕಛ್, ಪೂರ್ವದಲ್ಲಿ ಕೋಲ್ಕತ್ತದ ತುಸು ಮೇಲೆ, ಇಷ್ಟು ನೆನಪಿದ್ದರೆ ಗೆರೆ ಜಾರುವುದಿಲ್ಲ. ನರ್ಮದೆ ಅದರ ಕೆಳಗೇ ಪಶ್ಚಿಮಕ್ಕೆ ಹರಿದು ಭರೂಚ್ ಬಳಿ ಖಂಭಾತ್ ಕೊಲ್ಲಿ ಸೇರುತ್ತದೆ, ತಾಪಿ ಇನ್ನೂ ಕೆಳಗೆ. ಹೆಸರುಗಳನ್ನು ಎರಡು ನದಿಗಳ ನಡುವೆ ತುರುಕಿದರೆ ಯಾವುದು ಯಾವುದೆಂದು ಮೌಲ್ಯಮಾಪಕರಿಗೆ ತಿಳಿಯದು. ಅರಬ್ಬಿ ಸಮುದ್ರದಲ್ಲಿ ಬೇಕಾದಷ್ಟು ಜಾಗವಿದೆ; ಅಲ್ಲಿ ಅಡ್ಡಲಾಗಿ ಬರೆದು, ನದಿಗೆ ತಾಗುವಂತೆ ಗೆರೆ ಎಳೆಯಲಿ.